ಹೋಗುವ ಮ್ಯಾನೇಜರು ಬಿಟ್ಟುಹೋಗಬೇಕಾದ ಕಾಗದ

"ಹಿಂದಿನ ಸಾಹೇಬ್ರು ಆಯ್ತು ಅಂದಿದ್ರು ಸಾರ್." ಹೊಸದಾಗಿ ಕುರ್ಚಿಗೆ ಬಂದ ಮ್ಯಾನೇಜರ್ ಮೊದಲ ವಾರದಲ್ಲೇ ಯಾವುದಾದರೂ ಸಪ್ಲೈಯರ್ ಬಾಯಿಂದ ಈ ಮಾತು ಕೇಳುತ್ತಾರೆ. ಆಯ್ತು ಅಂದದ್ದು ಯಾವುದಕ್ಕೆ, ಎಷ್ಟಕ್ಕೆ, ಯಾವ ಷರತ್ತಿನ ಮೇಲೆ ಅಂತ ಫೈಲ್ ತೆಗೆದು ನೋಡಿದರೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಹಿಂದಿನವರಿಗೇ ಫೋನ್ ಮಾಡೋಣವೆಂದರೆ ಅವರು ಹೊಸ ಕಂಪನಿಯ ಮೀಟಿಂಗ್‌ನಲ್ಲಿರುತ್ತಾರೆ. ಸಂಜೆ ಸಿಕ್ಕರೂ, "ಹೌದು, ಏನೋ ಮಾತಾಡಿದ ನೆನಪು" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹ್ಯಾಂಡೋವರ್ ನೋಟ್ ಬರೆದಿರುವುದಿಲ್ಲ ಅಂತೇನಲ್ಲ. ಕೆಲಸ ಬಿಡುವ ಹಿಂದಿನ ದಿನ ಮಧ್ಯಾಹ್ನ ಕೂತು ನಾಲ್ಕು ಪುಟ ಬರೆದಿರುತ್ತಾರೆ. ಇಂತಿಂಥ ರಿಪೋರ್ಟು ಪ್ರತಿ ಸೋಮವಾರ ಕಳಿಸಬೇಕು, ಇಂಥವರು ಸ್ಟೋರ್ಸ್ ನೋಡಿಕೊಳ್ಳುತ್ತಾರೆ, ಫೋನ್ ನಂಬರು ಇಷ್ಟು. ಇದೆಲ್ಲ ಪಕ್ಕದ ಟೇಬಲ್‌ನವರನ್ನು ಕೇಳಿದರೂ ಗೊತ್ತಾಗುತ್ತದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಚಾರ್ಜ್ ಕೊಡುವ, ತೆಗೆದುಕೊಳ್ಳುವ ಪದ್ಧತಿ ಮೊದಲಿನಿಂದಲೂ ಇದೆ. ಕಡತ, ನಗದು, ಬೀರುವಿನ ಕೀಲಿಕೈ ಎಲ್ಲವೂ ಚಾರ್ಜ್ ಪಟ್ಟಿಯಲ್ಲಿ ಬರುತ್ತವೆ, ಇಬ್ಬರೂ ಸಿ.ಟಿ.ಸಿ.ಗೆ ಸಹಿ ಹಾಕುತ್ತಾರೆ. ಕಡತ ಕೈ ಬದಲಾಯಿತು ಎಂಬುದಕ್ಕೆ ಅದು ದಾಖಲೆಯಾಯಿತು. ಆ ಕಡತ ಮೂರು ತಿಂಗಳಿಂದ ಯಾಕೆ ನಿಂತಿದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಖಾಸಗಿ ಕಂಪನಿಗಳಲ್ಲಿ ಎಷ್ಟೋ ಕಡೆ ಆ ಪಟ್ಟಿಯೂ ಇಲ್ಲ. ಲ್ಯಾಪ್‌ಟಾಪು, ಐಡಿ ಕಾರ್ಡು ವಾಪಸ್ ಕೊಟ್ಟರೆ ನೋ ಡ್ಯೂಸ್ ಆಯಿತು.

ನೆನಪಿನಿಂದ ಬರೆದ ನೋಟಿನ ತೊಂದರೆಯೆಂದರೆ, ಬರೆಯುವವರಿಗೆ ಚೆನ್ನಾಗಿ ಗೊತ್ತಿರುವುದೇ ಅದರಲ್ಲಿ ಬರುತ್ತದೆ, ಮರೆತದ್ದು ಬಿಟ್ಟುಹೋಗುತ್ತದೆ. ಮುಂದೆ ಕಾಡುವುದು ಆ ಮರೆತದ್ದೇ. ಹಾಗಾಗಿ ನೋಟನ್ನು ಮೂರು ಕಡೆಯಿಂದ ಹೆಕ್ಕಿ ಕಟ್ಟಬೇಕು. ಏನು ತೀರ್ಮಾನವಾಗಿದೆ ಎಂಬುದು ಫೈಲ್‌ನಲ್ಲಿರುತ್ತದೆ. ಯಾರಿಗೆ ಏನು ಮಾತು ಕೊಟ್ಟಿದ್ದೇವೆ ಎಂಬುದು ಇಮೇಲ್‌ನಲ್ಲಿರುತ್ತದೆ. ಏನು ನಿಂತಿದೆ ಎಂಬುದು ಅಪ್ರೂವಲ್‌ಗೆ ಕಾದಿರುವ ಪಟ್ಟಿಯಲ್ಲಿರುತ್ತದೆ. ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯಾಗದ ಜಾಗಗಳು ಕಾಣುತ್ತವೆ, ನೋಟಿನಲ್ಲಿ ಮೊದಲು ಬರಬೇಕಾದದ್ದು ಅವು.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಒಂದು ಕಾರ್ಖಾನೆ. ಅಲ್ಲಿನ ಪರ್ಚೇಸ್ ಮ್ಯಾನೇಜರ್ ಕೆಲಸ ಬಿಡುತ್ತಿದ್ದಾರೆ, ಆಗಸ್ಟ್ 14 ಅವರ ಕೊನೆಯ ದಿನ. ಇಲ್ಲಿ ಬರುವ ಮೊತ್ತ, ತಾರೀಖು ಕಲ್ಪಿತ. ಇಂಥ ಪ್ರಸಂಗಗಳು ಮಾತ್ರ ಪರ್ಚೇಸ್ ವಿಭಾಗದಲ್ಲಿ ಇದ್ದವರಿಗೆಲ್ಲ ಪರಿಚಿತ.

ಮೊದಲು ತೆಗೆಯಬೇಕಾದದ್ದು ಅಪ್ರೂವಲ್ ಪಟ್ಟಿ. ಯಾಕೆಂದರೆ ಅದು ಚಿಕ್ಕದು, ಸಾಫ್ಟ್‌ವೇರ್‌ನಿಂದ ಹಾಗೇ ಇಳಿಸಿಕೊಳ್ಳಬಹುದು. ನಮ್ಮ ಮ್ಯಾನೇಜರ್ ಲಾಗಿನ್‌ನಲ್ಲಿ 23 ಐಟಂ ಕಾದಿವೆ ಅಂದುಕೊಳ್ಳಿ. ಎಲ್ಲವನ್ನೂ ಬಂದ ತಾರೀಖಿನ ಪ್ರಕಾರ ಜೋಡಿಸಿದರೆ ಅರ್ಧ ಕಥೆ ತಾನೇ ಹೊರಬೀಳುತ್ತದೆ. ಎರಡು ಮೂರು ದಿನದ ಹಿಂದೆ ಬಂದವು ದಿನನಿತ್ಯದ ಕೆಲಸ, ಅವನ್ನು ಮುಗಿಸಿ ಹೋಗಬಹುದು. ಮೂರು ವಾರ ದಾಟಿದವು ಸೋಮಾರಿತನದಿಂದ ನಿಂತವಲ್ಲ. ಯಾವುದೋ ಕಾರಣಕ್ಕೆ ಕೈ ತಡೆದಿದೆ, ಆ ಕಾರಣ ಸಿಸ್ಟಂನಲ್ಲಿ ಎಲ್ಲೂ ದಾಖಲಾಗಿಲ್ಲ. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ಪೆಂಡಿಂಗ್.

ಹಾಗೆ ಹಳತಾದ ಒಂದು ಐಟಂ ಕಂಪ್ರೆಸರ್‌ನ ವಾರ್ಷಿಕ ನಿರ್ವಹಣೆ ಒಪ್ಪಂದದ ನವೀಕರಣ. ಫೈಲ್‌ನಲ್ಲಿ ಎಲ್ಲ ಸರಿಯಾಗಿದೆ: ಹಳೆಯ ಒಪ್ಪಂದ ಮಾರ್ಚ್ 31ಕ್ಕೆ ಮುಗಿದಿದೆ, ಹೊಸ ಕೊಟೇಶನ್ ಇದೆ, ಮೆಂಟೆನೆನ್ಸ್‌ನವರ ಶಿಫಾರಸೂ ಇದೆ. ಹೊಸಬರು ನೋಡಿದರೆ ಕಣ್ಣು ಮುಚ್ಚಿ ಅಪ್ರೂವ್ ಮಾಡುವಂಥದ್ದು. ಆದರೆ ಕಳೆದ ವರ್ಷ ನಾಲ್ಕು ಸಲ ಸರ್ವಿಸ್‌ಗೆ ಬರಬೇಕಾದವರು ಬಂದದ್ದು ಎರಡೇ ಸಲ. ಆ ಎರಡು ಭೇಟಿಯ ಹಣ ಹೊಸ ದರದಲ್ಲಿ ಕಳೆಯಿರಿ ಎಂದು ಮ್ಯಾನೇಜರ್ ಹಿಡಿದು ಕೂತಿದ್ದಾರೆ. ಜುಲೈ ಕೊನೆಯಲ್ಲಿ ಆ ಕಡೆಯವರು ಒಂದು ಭೇಟಿ ಉಚಿತವಾಗಿ ಕೊಡುತ್ತೇವೆ ಎಂಬಲ್ಲಿಗೆ ಬಂದಿದ್ದಾರೆ, ಅದು ಮೇಲ್‌ನಲ್ಲಿದೆ. ನೋಟಿನಲ್ಲಿ ಈ ಎರಡು ಸಾಲು ಇರದಿದ್ದರೆ ಹೊಸಬರು ಪೂರ್ತಿ ದರಕ್ಕೆ ಸಹಿ ಹಾಕುತ್ತಾರೆ. ಸರ್ವಿಸ್‌ನವರಂತೂ ತಾವಾಗಿ ನೆನಪಿಸುವುದಿಲ್ಲ.

ಇದೇ ಪಟ್ಟಿಯಲ್ಲಿ ಇನ್ನೊಂದು, ಒಂದು ಸಣ್ಣ ವರ್ಕ್‌ಶಾಪಿನ ಬಿಲ್ಲು. ಅವರು 40 ಫಿಕ್ಸ್ಚರ್ ಮಾಡಿಕೊಟ್ಟಿದ್ದಾರೆ, ಮಾಲು ಜುಲೈ 3ಕ್ಕೆ ಗೇಟಿನೊಳಗೆ ಬಂದಿದೆ. ಎರಡು ಪೀಸಿನ ಅಳತೆ ಸರಿಯಿಲ್ಲ ಅಂತ ಕ್ವಾಲಿಟಿಯವರು ಹೇಳಿದ್ದರಿಂದ ಬಿಲ್ಲು ನಿಂತಿದೆ. ಮ್ಯಾನೇಜರ್ ವರ್ಕ್‌ಶಾಪಿನ ಯಜಮಾನರಿಗೆ ಫೋನಿನಲ್ಲಿ ಹೇಳಿದ್ದಾರೆ, ಅವರೂ "ಬದಲಾಯಿಸಿ ಕೊಡ್ತೀನಿ ಸಾರ್" ಅಂದಿದ್ದಾರೆ. ವ್ಯವಹಾರದ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ.

ಕಾನೂನಿನ ಮಟ್ಟಿಗೆ ಇದೆ. ಆ ವರ್ಕ್‌ಶಾಪು ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಘಟಕ. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ, ಇಂಥವರಿಂದ ಮಾಲು ಪಡೆದವರು ಲಿಖಿತ ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. "ನಾವು ಮಾಲು ಇನ್ನೂ ಒಪ್ಪಿಕೊಂಡೇ ಇಲ್ಲವಲ್ಲ" ಎಂದು ಮ್ಯಾನೇಜರ್ ಹೇಳಬಹುದು. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ: ಮಾಲು ಬಂದ 15 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಕಳಿಸದಿದ್ದರೆ, ಮಾಲು ಬಂದ ದಿನವೇ ಒಪ್ಪಿಕೊಂಡಂತೆ. ಫೋನಿನಲ್ಲಿ ಹೇಳಿದ್ದು ಬರಹವಲ್ಲ. ಜುಲೈ 3ರಿಂದ 45 ದಿನ ಎಣಿಸಿದರೆ ಆಗಸ್ಟ್ 17ಕ್ಕೆ ಬರುತ್ತದೆ. ಮ್ಯಾನೇಜರ್ ಹೋಗುವುದು 14ಕ್ಕೆ, 15 ಸ್ವಾತಂತ್ರ್ಯ ದಿನದ ರಜೆ. ಹೊಸಬರು ಬಂದು ಲಾಗಿನ್ ಸಿಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಆದ್ದರಿಂದ ಇದು ನೋಟಿನಲ್ಲಿ ಬರೆದು ಬಿಟ್ಟುಹೋಗುವ ಐಟಂ ಅಲ್ಲ, ಹೋಗುವ ಮೊದಲು ತಾವೇ ಮುಗಿಸಬೇಕಾದದ್ದು. ಎರಡು ಪೀಸಿನ ಮೊತ್ತವನ್ನು ಏನು ಮಾಡುವುದೆಂದು ಅಕೌಂಟ್ಸ್‌ನವರ ಜೊತೆ ಕೂತು ತೀರ್ಮಾನಿಸಿ, ವರ್ಕ್‌ಶಾಪಿನವರಿಂದ ಒಂದು ಮೇಲ್‌ನಲ್ಲಿ ಒಪ್ಪಿಗೆ ಪಡೆದು, ಉಳಿದದ್ದನ್ನು ಪಾವತಿಗೆ ಕಳಿಸಿಬಿಡಬೇಕು.

ಇಮೇಲ್ ವಿಷಯಕ್ಕೆ ಬಂದರೆ ಬಹಳ ಜನ ಇನ್‌ಬಾಕ್ಸ್ ತೆರೆದು ಕೂರುತ್ತಾರೆ, ಅದರ ಸಾವಿರಾರು ಮೇಲ್ ನೋಡಿ ಅಲ್ಲಿಗೇ ಕೈಬಿಡುತ್ತಾರೆ. ಬೇರೆಯವರು ಕೇಳಿದ್ದು ಇನ್‌ಬಾಕ್ಸ್‌ನಲ್ಲಿರುತ್ತದೆ. ನಾವು ಒಪ್ಪಿದ್ದು ಇರುವುದು ಕಳಿಸಿದ ಮೇಲ್‌ಗಳಲ್ಲಿ, ಹಾಗಾಗಿ ಹುಡುಕಾಟ ಅಲ್ಲಿ ಶುರುವಾಗಬೇಕು. ಜಿಮೇಲ್ ಬಳಸುವ ಕಚೇರಿಯಾದರೆ ಹುಡುಕುವ ಪಟ್ಟಿಯಲ್ಲಿ ಒಂದೊಂದಾಗಿ ಹೀಗೆ ಹಾಕಬಹುದು:

```
in:sent after:2025/04/01 "please proceed"
in:sent after:2025/04/01 "will revert"
in:sent after:2025/04/01 "as discussed"
```

ಪ್ರತಿಯೊಬ್ಬ ಮ್ಯಾನೇಜರ್‌ಗೂ ಒಪ್ಪಿಗೆ ಕೊಡುವ ತಮ್ಮದೇ ಒಂದು ವಾಕ್ಯ ಇರುತ್ತದೆ. ಯಾವುದೆಂದು ಗೊತ್ತಿಲ್ಲದಿದ್ದರೆ ಕೈಕೆಳಗಿನವರನ್ನು ಕೇಳಿದರೆ ನಗುತ್ತಾ ಹೇಳುತ್ತಾರೆ. ಮೇಲಿನ ಮೂರರಲ್ಲಿ ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಫೋನಿನಲ್ಲಿ ಏನೋ ಮಾತಾಗಿದೆ, ಮೇಲ್ ಅದನ್ನು ಬೆರಳು ಮಾಡಿ ತೋರಿಸುತ್ತದೆ ಅಷ್ಟೆ, ಏನು ಮಾತಾಯಿತು ಎಂದು ಹೇಳುವುದಿಲ್ಲ. ಆ ಮಾತು ಗೊತ್ತಿರುವವರು ಇಬ್ಬರೇ, ಅವರಲ್ಲಿ ಒಬ್ಬರು 14ನೇ ತಾರೀಖು ಹೋಗುತ್ತಾರೆ. ವಾಟ್ಸ್ಯಾಪ್ ಬಗ್ಗೆ ಹೇಳುವುದೇ ಬೇಡ. "ನೀವು ಮಾಲ್ ಕಳ್ಸಿ, ಪಿ.ಒ. ನಾನು ನೋಡ್ಕೋತೀನಿ" ಎಂದು ಸ್ವಂತ ಫೋನಿನಿಂದ ಕಳಿಸಿದ ಸಂದೇಶ ಕಂಪನಿಯ ಯಾವ ಸರ್ವರ್‌ನಲ್ಲೂ ಇರುವುದಿಲ್ಲ. ಅಂಥದ್ದನ್ನು ಸ್ಕ್ರೀನ್‌ಶಾಟ್ ತೆಗೆದು, ಒಂದು ಸಾಲಿನ ಮೇಲ್ ಜೊತೆ ಸಂಬಂಧಪಟ್ಟ ಫೈಲ್‌ಗೆ ಸೇರಿಸಿ ಹೋಗಬೇಕು.

ಹೀಗೆ ಹುಡುಕುವಾಗ ನಮ್ಮ ಮ್ಯಾನೇಜರ್‌ಗೆ ಜುಲೈ 9ರ ತಮ್ಮದೇ ಒಂದು ಮೇಲ್ ಸಿಗುತ್ತದೆ. ಅದರಲ್ಲಿ ಇರುವುದು ಮೂರೇ ಪದ: `Noted. Please proceed.` ಇದು ಯಾವುದಕ್ಕೆ ಕೊಟ್ಟ ಉತ್ತರ ಎಂದು ಕೆಳಗೆ ಸರಿಸಿ ನೋಡಿದರೆ ಮಷೀನ್ ಸಪ್ಲೈಯರ್ ಪತ್ರ. ಹೊರದೇಶದಿಂದ ಬರಬೇಕಾದ ಕಂಟ್ರೋಲ್ ಪ್ಯಾನೆಲ್ ತಡವಾಗಿದೆ, ಜುಲೈ 31ಕ್ಕೆ ಕೊಡಬೇಕಾದ ಮಷೀನನ್ನು ಅಕ್ಟೋಬರ್ 15ಕ್ಕೆ ಕೊಡುತ್ತೇವೆ, ದಯವಿಟ್ಟು ಒಪ್ಪಿಗೆ ಕೊಡಿ ಎಂದು ಬರೆದಿದ್ದಾರೆ.

ಈಗ ಫೈಲ್ ತೆಗೆಯೋಣ. ಮಷೀನಿನ ಬೆಲೆ 80 ಲಕ್ಷ ರೂಪಾಯಿ. ಆರ್ಡರ್ ಜೊತೆಗೇ ಶೇ 20, ಅಂದರೆ 16 ಲಕ್ಷ ಮುಂಗಡ ಕೊಟ್ಟಿದ್ದಾರೆ. ಆ ಮುಂಗಡಕ್ಕೆ ಭದ್ರತೆಯಾಗಿ ಸಪ್ಲೈಯರ್ ತಮ್ಮ ಬ್ಯಾಂಕಿನಿಂದ 16 ಲಕ್ಷದ ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದಾರೆ. ಗ್ಯಾರಂಟಿಯ ಅವಧಿ ಆಗಸ್ಟ್ 31ರವರೆಗೆ. ಮಷೀನು ಜುಲೈ ಕೊನೆಗೆ ಬರುವುದಿತ್ತು, ಒಂದು ತಿಂಗಳು ಹೆಚ್ಚಿಗೆ ಇರಲಿ ಎಂದು ಹಾಗೆ ಇಟ್ಟದ್ದು ಸರಿಯಾಗೇ ಇತ್ತು. ಮಷೀನಿನ ತಾರೀಖು ಮೇಲ್‌ನಲ್ಲಿ ಅಕ್ಟೋಬರ್‌ಗೆ ಹೋಯಿತು, ಗ್ಯಾರಂಟಿಯ ತಾರೀಖು ಅಲ್ಲೇ ಉಳಿಯಿತು. ಯಾರೂ ಏನೂ ಮಾಡದಿದ್ದರೆ ಆ ಗ್ಯಾರಂಟಿ ಮುಗಿದ ಮೇಲೆ 16 ಲಕ್ಷ ರೂಪಾಯಿಗೆ ಸಪ್ಲೈಯರ್ ಮೇಲಿನ ನಂಬಿಕೆ ಒಂದೇ ಆಧಾರ.

ಇದು ಫೈಲ್ ಒಂದನ್ನೇ ನೋಡಿದರೆ ಕಾಣುವುದಿಲ್ಲ, ಅಲ್ಲಿ ಆರ್ಡರೂ ಗ್ಯಾರಂಟಿಯೂ ಸರಿಹೊಂದುತ್ತವೆ. ಮೇಲ್ ಒಂದನ್ನೇ ನೋಡಿದರೂ ಕಾಣುವುದಿಲ್ಲ, ಅಲ್ಲಿ ಗ್ಯಾರಂಟಿಯ ಮಾತೇ ಬಂದಿಲ್ಲ. ಅಪ್ರೂವಲ್ ಪಟ್ಟಿಯಲ್ಲಂತೂ ಏನೂ ಇಲ್ಲ, ಯಾಕೆಂದರೆ ಆರ್ಡರ್ ತಿದ್ದುಪಡಿಯನ್ನು ಸಿಸ್ಟಂನಲ್ಲಿ ಹಾಕಿಯೇ ಇಲ್ಲ. ಹಾಗಾಗಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದದ್ದು.

ಗ್ಯಾರಂಟಿಗೆ ಮಾಡಬೇಕಾದದ್ದು ಸರಳ, ತಾರೀಖು ತಪ್ಪಬಾರದು ಅಷ್ಟೆ. ಸಪ್ಲೈಯರ್‌ಗೆ ಈಗಲೇ ಪತ್ರ ಬರೆದು ಹೊಸ ಡೆಲಿವರಿ ದಿನದಾಚೆಗೂ ಒಂದೆರಡು ತಿಂಗಳು ಗ್ಯಾರಂಟಿ ವಿಸ್ತರಿಸಿ ಕೊಡಿ ಎನ್ನಬೇಕು. ಅವರ ಬ್ಯಾಂಕಿನಿಂದ ವಿಸ್ತರಣೆಯ ಕಾಗದ ಬರಲು ದಿನಗಳು ಹಿಡಿಯುತ್ತವೆ. ಅವಧಿ ಮುಗಿಯಲು ಒಂದು ವಾರ ಇದ್ದಾಗಲೂ ಬರದಿದ್ದರೆ, ವಿಸ್ತರಿಸಿ ಇಲ್ಲವೇ ಹಣ ಕೊಡಿ ಎಂದು ಬ್ಯಾಂಕಿಗೇ ಲಿಖಿತ ಕ್ಲೇಮ್ ಕಳಿಸುವುದು ವಾಡಿಕೆ. ಗ್ಯಾರಂಟಿ ಕಾಗದದ ಮೇಲೆ ಎಷ್ಟೋ ಸಲ ಎರಡು ತಾರೀಖುಗಳಿರುತ್ತವೆ: ಅವಧಿ ಮುಗಿಯುವ ದಿನ ಒಂದು, ಕ್ಲೇಮ್ ಬ್ಯಾಂಕಿಗೆ ತಲುಪಬೇಕಾದ ಕೊನೆಯ ದಿನ ಇನ್ನೊಂದು. ನೋಟಿನಲ್ಲಿ ಎರಡನ್ನೂ ಬರೆಯಬೇಕು. ಮೂಲ ಕಾಗದ ಎಲ್ಲಿದೆ ಎಂಬುದನ್ನೂ ಬರೆಯಬೇಕು. ಸಾಮಾನ್ಯವಾಗಿ ಅದು ಅಕೌಂಟ್ಸ್‌ನವರ ತಿಜೋರಿಯಲ್ಲಿರುತ್ತದೆ, ಪರ್ಚೇಸ್ ಫೈಲ್‌ನಲ್ಲಿ ಇರುವುದು ಜೆರಾಕ್ಸ್.

ಆ ಮೂರು ಪದದ ಮೇಲ್‌ನಲ್ಲಿ ಇನ್ನೊಂದು ತೊಡಕೂ ಇದೆ. ಆರ್ಡರ್‌ನಲ್ಲಿ ತಡವಾದರೆ ವಾರಕ್ಕೆ ಶೇ 0.5ರಂತೆ, ಹೆಚ್ಚೆಂದರೆ ಶೇ 5ರವರೆಗೆ ದಂಡ ಕಡಿತ ಎಂದಿದೆ. 80 ಲಕ್ಷಕ್ಕೆ ವಾರಕ್ಕೆ 40 ಸಾವಿರ ರೂಪಾಯಿ. ಹತ್ತು ವಾರಕ್ಕೆ 4 ಲಕ್ಷ, ಅಲ್ಲಿಗೆ ಮಿತಿ ಮುಟ್ಟಿತು. ಜುಲೈ 31ರಿಂದ ಅಕ್ಟೋಬರ್ 15ಕ್ಕೆ ಹತ್ತು ವಾರಕ್ಕೂ ಹೆಚ್ಚು. ಮುಂದುವರಿಯಿರಿ ಎಂದು ಬರೆದದ್ದು ದಂಡ ಬಿಟ್ಟು ಸಮಯ ಕೊಟ್ಟದ್ದೋ, ದಂಡದ ಹಕ್ಕು ಉಳಿಸಿಕೊಂಡು ಕೊಟ್ಟದ್ದೋ? ಸಪ್ಲೈಯರ್ ಮೊದಲನೆಯದೇ ಎನ್ನುತ್ತಾರೆ, ಅಕೌಂಟ್ಸ್‌ನವರು ಎರಡನೆಯದೇ ಎನ್ನುತ್ತಾರೆ. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಬರೆದವರೇ ಹೇಳಬೇಕು, ಅದೂ ಹೋಗುವ ಮೊದಲು, ಕಾಗದದ ಮೇಲೆ. ಫೋನಿನಲ್ಲಿ ದಂಡದ ಬಗ್ಗೆ ಮಾತೇ ಆಗಿರದಿದ್ದರೆ ಹಾಗೆಂದೇ ಬರೆಯಬೇಕು. "ಈ ಬಗ್ಗೆ ಮಾತಾಗಿಲ್ಲ" ಎಂಬುದೂ ಹೊಸಬರಿಗೆ ಸಪ್ಲೈಯರ್ ಎದುರು ಕೂತಾಗ ದೊಡ್ಡ ಬಲ.

ಇಷ್ಟೆಲ್ಲ ಸಿಕ್ಕ ಮೇಲೆ ಬರೆಯುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಮಷೀನಿನ ಬಗ್ಗೆ ನೋಟಿನ ಭಾಗ ಹೀಗಿದ್ದರೆ ಸಾಕು:

> ಮಷೀನ್ ಆರ್ಡರ್, 80 ಲಕ್ಷ. ಮುಂಗಡ 16 ಲಕ್ಷ ಪಾವತಿಯಾಗಿದೆ.
> ಕಾಗದ: ಪರ್ಚೇಸ್ ಫೈಲ್, ಗ್ಯಾರಂಟಿ ಮೂಲಪ್ರತಿ ಅಕೌಂಟ್ಸ್ ತಿಜೋರಿಯಲ್ಲಿ.
> ಕೊಟ್ಟ ಮಾತು: ಡೆಲಿವರಿ ಅಕ್ಟೋಬರ್ 15ಕ್ಕೆ ಮುಂದೂಡಲು ಜುಲೈ 9ರ ಮೇಲ್‌ನಲ್ಲಿ ಒಪ್ಪಿದ್ದೇನೆ. ದಂಡ ಬಿಡುವ ಬಗ್ಗೆ ಮಾತಾಗಿಲ್ಲ. ಎಂ.ಡಿ.ಯವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೇನೆ, ಆರ್ಡರ್ ತಿದ್ದುಪಡಿ ಆಗಿಲ್ಲ.
> ಬಾಕಿ: ಗ್ಯಾರಂಟಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ವಿಸ್ತರಣೆ ಕೇಳಿ ಆಗಸ್ಟ್ 11ರಂದು ಪತ್ರ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಆಗಸ್ಟ್ 24ರೊಳಗೆ ಬರದಿದ್ದರೆ ಬ್ಯಾಂಕಿಗೆ ಕ್ಲೇಮ್.

ಇದರಲ್ಲಿ "ಈ ಸಪ್ಲೈಯರ್ ನಂಬಿಕಸ್ಥರಲ್ಲ" ಎಂಬ ಸಾಲು ಇಲ್ಲ, ಗಮನಿಸಿ. ಹ್ಯಾಂಡೋವರ್ ನೋಟು ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುವ ಕಾಗದ, ಒಂದು ದಿನ ಸಪ್ಲೈಯರ್ ಕೈಗೂ ಸಿಗಬಹುದು, ಜಗಳ ಕೋರ್ಟಿಗೆ ಹೋದರೆ ಅಲ್ಲೂ ತೆರೆಯಬಹುದು. ನಾಲ್ಕರಲ್ಲಿ ಎರಡೇ ಭೇಟಿಗೆ ಬಂದರು ಎಂದು ಬರೆದರೆ ಓದಿದವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಸ್ವಂತ ಅಭಿಪ್ರಾಯ ಏನಿದ್ದರೂ ಎದುರಿಗೆ ಕೂತಾಗ ಹೇಳಿದರಾಯಿತು.

ಕೊನೆಯ ಎರಡು ದಿನದಲ್ಲಿ ಕೆಲವರು ಎಲ್ಲ ಪೆಂಡಿಂಗೂ ಕ್ಲಿಯರ್ ಮಾಡಿ ಹೋಗೋಣ ಎಂದು ಒಂದೇ ಸಮ ಅಪ್ರೂವ್ ಒತ್ತುತ್ತಾರೆ. ಹೋಗುವವರಿಗೆ ಮನಸ್ಸು ಹಗುರವಾಗಬಹುದು, ಆಡಿಟರ್ ಬಂದಾಗ ಮೊದಲು ಕೈ ಇಡುವುದೇ ಆ ಎರಡು ದಿನದ ಸಹಿಗಳ ಮೇಲೆ. ಮೂರು ವಾರ ಯಾವ ಕಾರಣಕ್ಕೆ ತಡೆದಿದ್ದರೋ ಆ ಕಾರಣ ಹಾಗೇ ಇರುವಾಗ ಕೊನೆಯ ದಿನ ಸಹಿ ಹಾಕಿದ್ದಕ್ಕೆ ಸಮಜಾಯಿಷಿ ಕೊಡುವುದು ಕಷ್ಟ. ನನ್ನ ಮಟ್ಟಿಗೆ, ಗಡುವು ಹತ್ತಿರವಿದ್ದು ಕಾಗದ ಪೂರ್ತಿ ಇರುವುದನ್ನು ಮಾತ್ರ ಮುಗಿಸಿ, ಉಳಿದದ್ದನ್ನು ಕಾರಣ ಬರೆದು ಬಿಟ್ಟುಹೋಗುವುದೇ ಸರಿ.

ಲಾಗಿನ್ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಡುವುದು, ಡಿಜಿಟಲ್ ಸಹಿಯ ಟೋಕನ್ ಡ್ರಾಯರ್‌ನಲ್ಲಿ ಬಿಟ್ಟುಹೋಗುವುದು ಎರಡೂ ಬೇಡ. ಆ ಟೋಕನ್ ನಿಮ್ಮ ಹೆಸರಿನದು, ಬಿಟ್ಟುಹೋದರೆ ನಿಮ್ಮ ಸಹಿಯನ್ನೇ ಬಿಟ್ಟುಹೋದಂತೆ. ಗ್ರಾಹಕ ಕಂಪನಿಗಳ ಪೋರ್ಟಲ್‌ಗಳಲ್ಲಿ ಓಟಿಪಿ ಬರುವುದು ಯಾರ ಮೊಬೈಲ್‌ಗೆ ಎಂದು ಒಂದು ಸಲ ನೋಡಿ ಬದಲಾಯಿಸಿಕೊಡಬೇಕು. ಹಾಗೆಯೇ, ಹೋದವರ ಐಡಿಯನ್ನು ಐಟಿಯವರು ಅಂದೇ ಸಂಜೆ ನಿಲ್ಲಿಸಿಬಿಟ್ಟರೆ ಅದರಲ್ಲಿ ಕಾದಿದ್ದ ಅಪ್ರೂವಲ್‌ಗಳು ಕೆಲವು ಸಾಫ್ಟ್‌ವೇರ್‌ಗಳಲ್ಲಿ ಯಾರ ಕಣ್ಣಿಗೂ ಬೀಳದೆ ಅಲ್ಲೇ ಕೂತುಬಿಡುತ್ತವೆ. ಮೊದಲು ಅವನ್ನು ಬದಲಿ ಹೆಸರಿಗೆ ವರ್ಗಾಯಿಸಿ ಆಮೇಲೆ ಐಡಿ ನಿಲ್ಲಿಸಬೇಕು. ಮೈಕ್ರೋಸಾಫ್ಟ್ 365 ಬಳಸುವ ಕಡೆ ಅಳಿಸಿದ ಖಾತೆಯನ್ನು ವಾಪಸ್ ತರಲು ಇರುವುದು 30 ದಿನ. ಮಷೀನಿನ ಜಗಳ ಶುರುವಾಗುವುದು ಅಕ್ಟೋಬರ್‌ನಲ್ಲಿ, ಜುಲೈ 9ರ ಆ ಮೇಲ್ ಆಗ ಬೇಕು.

ನೋಟು ಕೈಗೆ ಕೊಟ್ಟ ದಿನವೇ ಸಹಿ ಪಡೆಯುವ ಅವಸರ ಬೇಡ. ಹೊಸಬರು ಒಂದು ರಾತ್ರಿ ಓದಿಕೊಂಡು ಬರಲಿ, ಮಾರನೆಯ ದಿನ ಅಕೌಂಟ್ಸ್‌ನ ಒಬ್ಬರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಲಿ. "ಸಾರ್, ಇದನ್ನ ಯಾಕೆ ಹೋಲ್ಡ್ ಮಾಡಿದ್ರಿ?" ಎಂಬ ಒಂದೇ ಪ್ರಶ್ನೆ ಪ್ರತಿ ಐಟಂಗೂ ಕೇಳಿದರೆ ನೋಟಿನಲ್ಲಿ ಬರದ ಇನ್ನೆರಡು ಮೂರು ಸಂಗತಿ ಹೊರಗೆ ಬರುತ್ತವೆ, ಅವನ್ನು ಅಲ್ಲೇ ಪೆನ್ನಿನಲ್ಲಿ ಸೇರಿಸಬೇಕು. ಸಹಿ ಹಾಕುವಾಗ "ಪರಿಶೀಲನೆಗೆ ಒಳಪಟ್ಟು ವಹಿಸಿಕೊಂಡಿದ್ದೇನೆ" ಎಂದು ಬರೆಯುವ ಸರ್ಕಾರಿ ಕಚೇರಿಯ ರೂಢಿ ಖಾಸಗಿಯವರೂ ಕಲಿಯಬೇಕಾದದ್ದು. ಕಾಗದ ಕೈಗೆ ಬಂದಿದೆ, ಅದರಲ್ಲಿರುವುದೆಲ್ಲ ಸರಿಯೆಂದು ನಾನಿನ್ನೂ ಒಪ್ಪಿಲ್ಲ ಎಂದು ಅದರರ್ಥ.

ಇನ್ನು, ಹಿಂದಿನವರು ನೋಟೇ ಬರೆಯದೆ ಹೋಗಿಬಿಟ್ಟಿದ್ದರೆ? ಆರೋಗ್ಯ ಕೆಟ್ಟು ದಿಢೀರನೆ ರಜೆ ಹೋದವರಿರುತ್ತಾರೆ, ಜಗಳವಾಡಿ ಬಿಟ್ಟವರಿರುತ್ತಾರೆ. ಆಗ ಬಂದವರೇ ಇದನ್ನು ಹಿಂದುಮುಂದಾಗಿ ಕಟ್ಟಿಕೊಳ್ಳಬೇಕು. ಮೇಲ್‌ನಿಂದ ಶುರುಮಾಡಿದರೆ ವಾರ ಕಳೆದುಹೋಗುತ್ತದೆ, ಹಣ ಹೋದ ಜಾಡು ಹಿಡಿಯುವುದು ಬೇಗ. ಮೊದಲ ದಿನವೇ ಅಕೌಂಟ್ಸ್‌ಗೆ ಹೋಗಿ ಮೂರು ಪಟ್ಟಿ ಕೇಳಿ: ಮುಂಗಡ ಕೊಟ್ಟು ಇನ್ನೂ ಮಾಲು ಬರದವು, ಮಾಲು ಬಂದು ಇನ್ನೂ ಹಣ ಹೋಗದವು, ಮುಂದಿನ 60 ದಿನದಲ್ಲಿ ಅವಧಿ ಮುಗಿಯುವ ಬ್ಯಾಂಕ್ ಗ್ಯಾರಂಟಿಗಳು. ಆ ಪಟ್ಟಿಯಲ್ಲಿ ಬಂದ ಸಪ್ಲೈಯರ್‌ಗಳ ಹೆಸರು ಹಾಕಿ ಹಿಂದಿನವರ ಕಳಿಸಿದ ಮೇಲ್‌ಗಳನ್ನು ಹುಡುಕಿ. ಮೇಲ್ ನೋಡಲು ಐಟಿಯವರಿಗೆ ಎಂ.ಡಿ.ಯವರಿಂದ ಬರಹದಲ್ಲಿ ಅನುಮತಿ ಹೋಗಬೇಕು. ಅದು ಬರುವವರೆಗೆ ಪ್ರತಿ ಸಪ್ಲೈಯರ್‌ಗೂ ಒಂದು ಪತ್ರ ಕಳಿಸಬಹುದು: ನಮ್ಮ ಜೊತೆ ಬಾಕಿ ಇರುವ ವಿಷಯಗಳು, ನಿಮಗೆ ಕೊಟ್ಟ ಒಪ್ಪಿಗೆಗಳು ಏನೇನಿವೆ, ಆಧಾರದ ಸಮೇತ 10 ದಿನದೊಳಗೆ ತಿಳಿಸಿ. ತಮಗೆ ಅನುಕೂಲವಾದದ್ದನ್ನೇ ಅವರು ಬರೆದು ಕಳಿಸುತ್ತಾರೆ, ನಿಜ. ಆದರೆ ಒಂದು ಸಲ ಬರೆದುಕೊಟ್ಟ ಮೇಲೆ, ಡಿಸೆಂಬರ್‌ನಲ್ಲಿ ಬಂದು ಇನ್ನೊಂದು ಹೊಸ ಒಪ್ಪಿಗೆ ಇತ್ತು ಎನ್ನುವುದು ಅವರಿಗೂ ಅಷ್ಟು ಸುಲಭವಲ್ಲ.